ಇಪ್ಪತ್ತಾರೋ, ಇಪ್ಪತ್ತೊಂಬತ್ತೋ? ಹಳೇ ಪಂಚಾಂಗ ಟೈಪ್ ಮಾಡುವಾಗ ಕಲಿತದ್ದು

ನಾನು ಡಿಟಿಪಿ ಕೆಲಸದವಳು. ಹಳೇ ಪಂಚಾಂಗವೊಂದರ ಪುಟಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸುವ ಕೆಲಸ ಬಂದಿತ್ತು. ಒಂದು ಪುಟಕ್ಕೆ ಒಂದು ಪಕ್ಷ, ಸಾಲಿಗೊಂದು ದಿನ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಲ್ಲಾ ಸಾಸಿವೆ ಗಾತ್ರದ ಅಕ್ಷರದಲ್ಲಿ. ತಿಥಿಯ ಪಕ್ಕದಲ್ಲಿ ಅದು ಮುಗಿಯುವ ಹೊತ್ತು ಘಳಿಗೆ-ವಿಘಳಿಗೆಯಲ್ಲಿ ಇರುತ್ತದೆ, ಸೂರ್ಯೋದಯದಿಂದ ಎಣಿಸಿದ್ದು. ಒಂದು ಘಳಿಗೆ ಅಂದರೆ 24 ನಿಮಿಷ, ಅದರಲ್ಲಿ 60 ವಿಘಳಿಗೆ; ದಿನಕ್ಕೆ 60 ಘಳಿಗೆ.

ಮಸಿ ಹರಡಿದ ಪುಟದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಭೂತಗನ್ನಡಿ ಹಿಡಿದರೂ ಅಷ್ಟೇ. ಎರಡು ಸಲ ಓದಿ ತಾಳೆ ನೋಡಿದ್ದೆವು. ಆದರೆ ಒಮ್ಮೆ ತಪ್ಪು ಓದಿದ ಕಣ್ಣು ಎರಡನೇ ಸಲವೂ ಅದನ್ನೇ ಓದುತ್ತದೆ, ಅಲ್ವಾ?

ಪುಟ ನೋಡಲು ಬಂದ ಜೋಯಿಸರು ಗದರಿದರು. "ಏನಮ್ಮಾ, ಬಾಣವೃದ್ಧಿ ರಸಕ್ಷಯ ಕೇಳಿಲ್ವಾ? ಬಾಣ ಅಂದ್ರೆ ಐದು, ರಸ ಅಂದ್ರೆ ಆರು." ಹಳೇ ಪದ್ಧತಿಯ ಪಂಚಾಂಗದಲ್ಲಿ ತಿಥಿ 60 ಘಳಿಗೆಗಿಂತ ಹೆಚ್ಚೆಂದರೆ 5 ಬೆಳೆಯುತ್ತದೆ, 6 ಕುಗ್ಗುತ್ತದೆ. ಹಾಗಾಗಿ ಆ ಕಾಲಂನಲ್ಲಿ ಇವತ್ತಿನ ಅಂಕಿಗೂ ನಾಳೆಯದಕ್ಕೂ ಅಷ್ಟೇ ಅಂತರ ಇರಬೇಕು.

ನಾನು ಹೀಗೆ ಟೈಪ್ ಮಾಡಿದ್ದೆ: 36-58, 31-30, 29-04, 20-46. ಘಳಿಗೆ C ಕಾಲಂ, ವಿಘಳಿಗೆ D ಕಾಲಂ. ಪಕ್ಕದ ಕಾಲಂಗೆ ಈ ಸೂತ್ರ ಹಾಕಿ ಕೆಳಗೆ ಎಳೆದೆ:

```
=(C5*60+D5)-(C4*60+D4)
```

ಉತ್ತರ ವಿಘಳಿಗೆಯಲ್ಲಿ ಬರುತ್ತದೆ, -360ರಿಂದ 300ರೊಳಗೆ ಇರಬೇಕು. ನನಗೆ ಬಂದದ್ದು -328, -146, -498. ಕೊನೆಯದು ಮಿತಿ ದಾಟಿದೆ. ತಪ್ಪು 20-46ರಲ್ಲಿ ಅಂದುಕೊಂಡು ಹುಡುಕಿದೆ, ಅದು ಸರಿಯಾಗೇ ಇತ್ತು. ಒಂದು ಮನೆ ತಪ್ಪಿದರೆ ಮೇಲಿನ ಅಂತರ, ಕೆಳಗಿನ ಅಂತರ ಎರಡೂ ಕೆಡುತ್ತವೆ. 29 ಅನ್ನು 26 ಮಾಡಿದೆ. -328, -326, -318 ಆಯಿತು. ಚಂದ್ರನ ವೇಗ ನಿಧಾನಕ್ಕೆ ಬದಲಾಗುವುದರಿಂದ ಅಂಕಿಗಳು ಹೀಗೆ ಹತ್ತಿರ ಹತ್ತಿರ ಇರಬೇಕು. ಈಗ ಮಿತಿಗಿಂತ ಜಾಸ್ತಿ ನೋಡುವುದು ಇದನ್ನೇ. ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದುವಂತೆ ಲೆಕ್ಕ ಹಾಕುವ ದೃಗ್ಗಣಿತದ ಪಂಚಾಂಗದಲ್ಲಂತೂ ತಿಥಿ ಸುಮಾರು 50ರಿಂದ 67 ಘಳಿಗೆವರೆಗೂ ಹೋಗುತ್ತದೆ, ಅಲ್ಲಿ -498 ಸುಮ್ನೆ ದಾಟಿಬಿಡುತ್ತಿತ್ತು.

ಒಂದೇ ದಿನ ಎರಡು ತಿಥಿ ಮುಗಿದು ಕ್ಷಯವಾದಾಗ, ಇಲ್ಲವೇ ಒಂದು ದಿನ ಯಾವ ತಿಥಿಯೂ ಮುಗಿಯದೆ ವೃದ್ಧಿಯಾದಾಗ ಸೂತ್ರ ಸುಳ್ಳೇ ಕೂಗುತ್ತದೆ. ಅಲ್ಲಿ 60 ಘಳಿಗೆ ಕೂಡಿಸಿಯೋ ಕಳೆದೋ ನೋಡಬೇಕು.

ಇನ್ನೊಂದು ಕಾಟ ಸೊನ್ನೆಯದು. ಕನ್ನಡ ಅಂಕಿ ಬೇಕು ಅಂದಾಗ ಕೆಲವರು ೦ ಬದಲು ಅನುಸ್ವಾರ ಒತ್ತಿರುತ್ತಾರೆ. ಪರದೆ ಮೇಲೆ ಎರಡೂ ಬರೀ ಉಂಗುರ. ಅದಕ್ಕೇ ಈಗ ಇಂಗ್ಲಿಷ್ ಅಂಕಿಯಲ್ಲಿ ಟೈಪ್ ಮಾಡಿ, ಕನ್ನಡಕ್ಕೆ ಕೊನೆಯಲ್ಲಿ ಒಟ್ಟಿಗೆ ಬದಲಿಸುತ್ತೇವೆ.

ಕಣ್ಣು ಜಾರಿ ಒಂದು ಸಾಲು ಬಿಟ್ಟುಹೋದರೆ ಅಂತರ ಹೆಚ್ಚುಕಮ್ಮಿ ದುಪ್ಪಟ್ಟಾಗಿ ಸಿಕ್ಕಿಬೀಳುತ್ತದೆ. ಅದೇ ಸಾಲು ಎರಡು ಸಲ ಬಿದ್ದರೆ ಬರುವುದು 0. ಅದು ಮಿತಿಯೊಳಗೇ ಇದೆ, ಸೂತ್ರ ತುಟಿ ಬಿಚ್ಚುವುದಿಲ್ಲ. ಅದಕ್ಕೆ ಇವತ್ತಿಗೂ ಪುಟದ ಮೇಲೆ ಸ್ಕೇಲ್ ಇಟ್ಟುಕೊಂಡೇ ಕೂರುತ್ತೇನೆ.