ಸಹಿ ಹಾಕಿದ ಆಫರ್ ಬಿಡಬೇಕಾದಾಗ ಮೇಲ್ ಹೇಗೆ ಬರೆಯೋದು

"ಅಕ್ಕಾ, ಆಫರ್ ಲೆಟರಿಗೆ ಸಹಿ ಹಾಕಿ ಕಳಿಸಿ ಎರಡು ತಿಂಗಳಾಯ್ತು. ಈಗ ಬೇರೆ ಕಡೆ ಇದಕ್ಕಿಂತ ಒಳ್ಳೇದು ಸಿಕ್ಕಿದೆ. ಮೊದಲಿನವರಿಗೆ ಮೇಲ್‌ನಲ್ಲಿ ಹೇಗೆ ಹೇಳೋದು? ಅಮ್ಮನಿಗೆ ಹುಷಾರಿಲ್ಲ ಅಂತ ಬರೆದುಬಿಡಲಾ?"

ಅಮ್ಮನನ್ನು ಇದಕ್ಕೆ ಎಳೆಯಬೇಡಿ. ನಿಜವನ್ನೇ ಬರೆಯಿರಿ, ಎರಡನೇ ಕಡೆಯ ಲೆಟರ್ ಕೈಗೆ ಬಂದ ದಿನವೇ ಬರೆಯಿರಿ. ಉಳಿದದ್ದೆಲ್ಲ ಇದರ ವಿವರ.

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ನೇಮಕಾತಿಯ ಕೆಲಸದಲ್ಲಿದ್ದೇನೆ. ಇಂಥ ಮೇಲ್‌ಗಳು ಬಂದು ಬೀಳುವ ಇನ್‌ಬಾಕ್ಸ್ ನನ್ನದು. ಹಾಗಾಗಿ ಬರೆಯುವವರಿಗೆ ಕಾಣದ ಒಂದು ಭಾಗ ನನಗೆ ಕಾಣುತ್ತದೆ, ಮೊದಲು ಅದನ್ನು ಹೇಳುತ್ತೇನೆ.

ನೀವು ಸಹಿ ಹಾಕಿದ ದಿನ ನಮ್ಮಲ್ಲಿ ಆ ಹುದ್ದೆ ಮುಚ್ಚುತ್ತದೆ. ಕೊನೆಯ ಸುತ್ತಿನವರೆಗೂ ಬಂದಿದ್ದ ಇನ್ನೊಬ್ಬರಿಗೆ "ಈ ಸಲ ಆಗಲಿಲ್ಲ" ಎಂದು ಹೇಳಿರುತ್ತೇವೆ, ಅಥವಾ ಏನೂ ಹೇಳದೆ ಸುಮ್ನೆ ಕಾಯಿಸಿರುತ್ತೇವೆ. ನಮ್ಮ ಐಟಿ ಕಂಪನಿಗಳಲ್ಲಿ 90 ದಿನದ ನೋಟಿಸ್ ತುಂಬಾ ಕಡೆ ಇದೆ, ಅಂದರೆ ನಿಮ್ಮೊಬ್ಬರಿಗಾಗಿ ಒಂದು ತಂಡ ಮೂರು ತಿಂಗಳು ಖಾಲಿ ಕುರ್ಚಿ ಇಟ್ಟುಕೊಂಡು ಕೂತಿರುತ್ತದೆ, ಆ ಕೆಲಸವನ್ನು ಉಳಿದವರು ಹಂಚಿಕೊಂಡು ಮಾಡುತ್ತಿರುತ್ತಾರೆ. ಸೇರುವುದಕ್ಕೆ ಮೂರು ವಾರ ಇದ್ದಾಗ ನೀವು ಹೇಳಿದರೆ ಆ ಇನ್ನೊಬ್ಬರು ಇನ್ನೂ ಸಿಗಬಹುದು. ಹಿಂದಿನ ದಿನ ಹೇಳಿದರೆ ಎಲ್ಲ ಮೊದಲಿಂದ. ಹಾಗಾಗಿ ಮೇಲ್‌ನ ಭಾಷೆ ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಅದು ಯಾವ ತಾರೀಖಿಗೆ ಬಂತು ಅನ್ನೋದು ನಮಗೆ ಜಾಸ್ತಿ ಮುಖ್ಯ.

ಒಂದು ಸಲ ಒಬ್ಬ ಹುಡುಗನಿಗಾಗಿ ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ರಿಸೆಪ್ಷನ್‌ನಲ್ಲಿ ಕಾದಿದ್ದೇನೆ. ಹನ್ನೊಂದಾಯಿತು, ಫೋನ್ ಸ್ವಿಚ್ ಆಫ್. ದಾರಿಯಲ್ಲಿ ಏನಾದರೂ ಆಯಿತೇನೋ ಎಂದು ಗಾಬರಿಯಾಗಿ ಅವನ ಮನೆಯವರ ನಂಬರಿಗೆ ಮಾಡಿದೆ. ಅವನು ಬೇರೆ ಕಂಪನಿಗೆ ಸೇರಿ ಆಗಲೇ ನಾಲ್ಕು ದಿನ ಆಗಿತ್ತಂತೆ. ಅವನು ಬೇರೆ ಕಡೆ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಎರಡು ಸಾಲು ಬರೆಯಲಿಲ್ಲವಲ್ಲ, ಅದಕ್ಕೆ ಇವತ್ತಿಗೂ ಇದೆ.

ಈಗ ಸರಿಯಾಗಿ ಮಾಡಿದವರ ಕಥೆ. ಟೆಸ್ಟಿಂಗ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದ ಹುಡುಗಿ. ಮಾರ್ಚ್ 12ಕ್ಕೆ ನಮ್ಮ ಆಫರಿಗೆ ಸಹಿ ಹಾಕಿದಳು, 15ಕ್ಕೆ ಇದ್ದ ಕಂಪನಿಗೆ ರಾಜೀನಾಮೆ ಕೊಟ್ಟಳು, 90 ದಿನ ಮುಗಿಸಿ ಜೂನ್ 16ಕ್ಕೆ ನಮ್ಮಲ್ಲಿ ಸೇರಬೇಕಿತ್ತು. ಮೇ ತಿಂಗಳಲ್ಲಿ ಮೈಸೂರಿನ ಒಂದು ಕಂಪನಿ ಕರೆಯಿತು. ಸಂಬಳ ನಮ್ಮದಕ್ಕಿಂತ ಸ್ವಲ್ಪ ಕಡಿಮೆಯೇ. ಆದರೆ ಗಂಡ ಮೈಸೂರಿನಲ್ಲಿ, ಇವಳು ಬೆಂಗಳೂರಿನ ಪಿಜಿಯಲ್ಲಿ, ವಾರಕ್ಕೊಮ್ಮೆ ಭೇಟಿ. ಆ ಕೆಲಸ ಸಿಕ್ಕರೆ ಮನೆಯಲ್ಲೇ ಇರಬಹುದು.

ಅವರು ಫೋನಿನಲ್ಲಿ "ನೀವು ಸೆಲೆಕ್ಟ್ ಆಗಿದ್ದೀರಿ" ಎಂದದ್ದು ಮೇ 20ಕ್ಕೆ. ಅವಳು ಅವತ್ತು ನಮಗೆ ಏನೂ ಹೇಳಲಿಲ್ಲ. ಸರಿಯಾಗಿಯೇ ಮಾಡಿದಳು. ಬಾಯಿಮಾತನ್ನು ನಂಬಿ ಕೈಯಲ್ಲಿದ್ದ ಲೆಟರ್ ಬಿಟ್ಟುಕೊಟ್ಟು, ಆಮೇಲೆ ಆ ಹುದ್ದೆಯೇ ರದ್ದಾಗಿ, ಅತ್ತ ರಾಜೀನಾಮೆಯೂ ಕೊಟ್ಟಾಗಿ, ಎರಡೂ ಕಡೆ ಇಲ್ಲದೆ ಕೂತವರನ್ನು ನೋಡಿದ್ದೇನೆ. ಸಂಬಳದ ವಿವರ, ಸೇರುವ ದಿನ, ಊರು ಇಷ್ಟೂ ಬರೆದಿರುವ ಲೆಟರ್ ಬರಬೇಕು, ನೀವು ಓದಿ ಒಪ್ಪಬೇಕು, ಆಮೇಲೆ ಮೊದಲಿನದನ್ನು ಬಿಡಬೇಕು. ಅವಳಿಗೆ ಲೆಟರ್ ಬಂದದ್ದು ಮೇ 27ರ ಸಂಜೆ. 28ರ ಬೆಳಿಗ್ಗೆ ಹತ್ತಕ್ಕೆ ನನಗೆ ಫೋನ್ ಮಾಡಿದಳು. ಮೂರು ನಿಮಿಷದ ಮಾತು. ಹತ್ತೂಕಾಲಿಗೆ ಮೇಲ್ ಬಂತು. ಸೇರುವ ದಿನಕ್ಕೆ ಇನ್ನೂ 19 ದಿನ ಇತ್ತು.

ಫೋನ್ ಯಾಕೆ ಮೊದಲು ಅಂದರೆ, ಮೇಲ್ ಯಾವಾಗ ಓದುತ್ತಾರೋ ಗೊತ್ತಿಲ್ಲ, ಮತ್ತೆ ಮೂರು ತಿಂಗಳು ಮಾತಾಡಿಸಿದವರಿಗೆ ಒಂದು ದನಿ ಕೇಳಿಸುವುದು ಮರ್ಯಾದೆ. ಮೇಲ್ ಯಾಕೆ ಬೇಕೇಬೇಕು ಅಂದರೆ, ನಾನು ಹುದ್ದೆಯನ್ನು ಮತ್ತೆ ತೆರೆಯಲು ಮೇಲಿನವರಿಗೆ ತೋರಿಸಬೇಕಾದದ್ದು ಅದನ್ನೇ. ಅವಳು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಹೀಗಿತ್ತು:

"ವಿಷಯ: ಟೆಸ್ಟ್ ಇಂಜಿನಿಯರ್ ಆಫರ್ ಹಿಂದಕ್ಕೆ ಕೊಡುತ್ತಿದ್ದೇನೆ, ಸೇರಬೇಕಿದ್ದ ದಿನ ಜೂನ್ 16

ನಮಸ್ಕಾರ ಮೇಡಂ, ಈಗಷ್ಟೇ ಫೋನಿನಲ್ಲಿ ಹೇಳಿದ ಹಾಗೆ, ಮಾರ್ಚ್ 12ರಂದು ಒಪ್ಪಿಕೊಂಡಿದ್ದ ಆಫರಿನಿಂದ ನಾನು ಹಿಂದೆ ಸರಿಯುತ್ತಿದ್ದೇನೆ. ಜೂನ್ 16ರಂದು ಸೇರುವುದಿಲ್ಲ. ಮೈಸೂರಿನಲ್ಲಿ, ನನ್ನ ಕುಟುಂಬ ಇರುವ ಕಡೆಯೇ ಒಂದು ಕೆಲಸ ಸಿಕ್ಕಿದೆ, ನಿನ್ನೆ ಅದನ್ನು ಒಪ್ಪಿಕೊಂಡೆ. ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ, ನೀವು ನನಗಾಗಿ ಕಾದಿದ್ದೀರಿ. ಇದರಿಂದ ನಿಮಗೂ ತಂಡಕ್ಕೂ ತೊಂದರೆ ಆಗುತ್ತದೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ನನ್ನ ಹಿನ್ನೆಲೆ ಪರಿಶೀಲನೆ ನಡೆಯುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಈ ಮೇಲ್ ತಲುಪಿತು ಎಂದು ಒಂದು ಸಾಲು ಬರೆದರೆ ಉಪಕಾರ."

ಇಷ್ಟೇ. ಎರಡನೇ ವಾಕ್ಯ ನೋಡಿ. "ಸೇರುವುದಿಲ್ಲ." ತುಂಬಾ ಜನ ಇಲ್ಲಿ ಜಾರುತ್ತಾರೆ. "ಮರುಯೋಚನೆ ಮಾಡುತ್ತಿದ್ದೇನೆ", "ಸೇರೋದು ಸ್ವಲ್ಪ ಕಷ್ಟ ಆಗಬಹುದು" ಎಂದು ಮೆತ್ತಗೆ ಬರೆಯುತ್ತಾರೆ. ಅದನ್ನು ಓದಿದವರು ಸೇರುವ ದಿನ ಮುಂದಕ್ಕೆ ಹಾಕಲಾ, ಸಂಬಳ ಸ್ವಲ್ಪ ಏರಿಸಲಾ ಎಂದು ಕೇಳುತ್ತಾರೆ, ನೀವು ಮತ್ತೆ ಸುತ್ತಿಬಳಸಿ ಉತ್ತರ ಬರೆಯುತ್ತೀರಿ, ಅಷ್ಟರಲ್ಲಿ ಒಂದು ವಾರ ಹೋಗಿರುತ್ತದೆ. ಇಲ್ಲ ಅನ್ನೋದನ್ನು ಇಲ್ಲ ಅಂತಲೇ ಬರೆದರೆ ಓದುವವರಿಗೆ ಉಪಕಾರ.

ಕಾರಣ ಒಂದೇ ಸಾಲು, ಅದೂ ನಿಜವಾದದ್ದು. ಹೊಸ ಕಂಪನಿಯ ಹೆಸರು ಹೇಳಲೇಬೇಕು ಅಂತಿಲ್ಲ. ಅಲ್ಲಿ ಎಷ್ಟು ಕೊಡುತ್ತಾರೆ ಅನ್ನೋದೂ ಬೇಡ. ಕೇಳಿದರೆ "ಅದನ್ನು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ" ಅನ್ನಬಹುದು. ಹೇಳದೆ ಬಿಡುವುದು ಬೇರೆ, ಸುಳ್ಳು ಹೇಳುವುದು ಬೇರೆ ಅಲ್ವಾ? ಕಾರಣ ದುಡ್ಡೇ ಆಗಿದ್ದರೆ "ನನ್ನ ಈಗಿನ ಪರಿಸ್ಥಿತಿಗೆ ಹೊಂದುವ ಸಂಬಳ ಬೇರೆ ಕಡೆ ಸಿಕ್ಕಿದೆ" ಎಂದು ಬರೆಯಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಮನೆ ಸಾಲ ಇದ್ದವರಿಗೆ, ತಂಗಿಯ ಓದು ನೋಡಿಕೊಳ್ಳುವವರಿಗೆ ಅದು ದೊಡ್ಡ ಕಾರಣವೇ.

ಆದರೆ ದುಡ್ಡು ಎಂದ ಕೂಡಲೇ "ಅಷ್ಟನ್ನೇ ನಾವು ಕೊಡುತ್ತೇವೆ, ಬರುತ್ತೀರಾ?" ಎಂದು ಕೇಳುತ್ತೇವೆ. ಈ ಪ್ರಶ್ನೆಗೆ ಉತ್ತರವನ್ನು ಫೋನ್ ಮಾಡುವ ಮೊದಲೇ ಯೋಚಿಸಿಟ್ಟುಕೊಳ್ಳಿ. ಕೊಟ್ಟರೆ ಬರುತ್ತೀರಿ ಎಂದಾದರೆ, ಎರಡನೆಯದನ್ನು ಒಪ್ಪುವ ಮೊದಲೇ ಬಾಯಿಬಿಟ್ಟು ಕೇಳಿ: "ಇಂಥ ಕಡೆಯಿಂದ ಇಷ್ಟು ಬಂದಿದೆ, ನಿಮ್ಮಲ್ಲಿ ಸಾಧ್ಯವಾ?" ಅದು ಚೌಕಾಸಿ, ಎಲ್ಲರಿಗೂ ಅರ್ಥವಾಗುತ್ತದೆ. ಹಿಂದೆ ಸರಿಯುವ ಮೇಲ್ ಕಳಿಸಿ, ನಾವು ಏರಿಸಿದ ಮೇಲೆ ವಾಪಸ್ ಬಂದವರ ಮೇಲೆ ಮಾತ್ರ ನಂಬಿಕೆ ಉಳಿಯುವುದಿಲ್ಲ. ಸೇರುವ ದಿನದವರೆಗೂ ಇವರು ಬರುತ್ತಾರೋ ಇಲ್ಲವೋ ಎಂದು ತಂಡ ಅನುಮಾನದಲ್ಲೇ ಇರುತ್ತದೆ.

ಸುಳ್ಳು ಕಾರಣ ಹೇಗೆ ಸಿಕ್ಕಿಬೀಳುತ್ತದೆ ಅನ್ನೋದನ್ನೂ ಹೇಳಿಬಿಡುತ್ತೇನೆ. ತಂದೆಗೆ ಆಪರೇಷನ್, ಒಂದು ವರ್ಷ ಎಲ್ಲೂ ಕೆಲಸಕ್ಕೆ ಹೋಗುವುದಿಲ್ಲ ಎಂದು ಒಬ್ಬರು ಬರೆದಿದ್ದರು. ನಾವು ನಿಜವಾಗಿಯೂ ಮರುಗಿದೆವು, ಯಾವಾಗ ಬೇಕಾದರೂ ಬನ್ನಿ ಎಂದು ಬರೆದೆವು. ಒಂದು ತಿಂಗಳಿಗೆ ಲಿಂಕ್ಡ್‌ಇನ್‌ನಲ್ಲಿ ಹೊಸ ಕೆಲಸದ ಫೋಟೋ ಬಂತು. ಫೋಟೋ ಹಾಕದಿದ್ದರೂ, ಮುಂದೆ ಅದೇ ಕಂಪನಿಗೆ ಅರ್ಜಿ ಹಾಕಿದರೆ ಪಿಎಫ್‌ನ ಯುಎಎನ್ ದಾಖಲೆಯಲ್ಲಿ ಯಾವ ದಿನ ಎಲ್ಲಿ ಸೇರಿದರು ಅನ್ನೋದು ಕಾಣುತ್ತದೆ, ನಮ್ಮಲ್ಲಿ ಅವರು ಹಿಂದೆ ಬರೆದ ಕಾರಣ ಅವರ ಹೆಸರಿನ ಪಕ್ಕದಲ್ಲೇ ಇರುತ್ತದೆ. ಆಫರ್ ಬಿಟ್ಟವರನ್ನು ನಾವು ಮತ್ತೆ ತೆಗೆದುಕೊಂಡದ್ದಿದೆ. ಹೀಗೆ ಬರೆದವರನ್ನು ತೆಗೆದುಕೊಂಡಿಲ್ಲ.

ಕೇಸ್ ಹಾಕುತ್ತಾರಾ ಎಂದು ಹೆದರಿ ಬಾಯಿಮುಚ್ಚಿಕೊಂಡು ಕೂರುವವರೂ ಇದ್ದಾರೆ. ಸಹಿ ಹಾಕಿದ ಲೆಟರ್ ಒಪ್ಪಂದವೇ, ಅದು ಸುಮ್ನೆ ಕಾಗದ ಅಲ್ಲ. ಆದರೆ ಇಂಥ ಕೆಲಸಕ್ಕೆ ಬಂದೇ ಬರಬೇಕು ಎಂದು ಯಾರನ್ನೂ ಬಲವಂತ ಮಾಡಲು ನಮ್ಮ ಕಾನೂನಿನಲ್ಲಿ ಆಗುವುದಿಲ್ಲ. ಕೇಳಬಹುದಾದದ್ದು ನಷ್ಟವನ್ನು, 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ, ಅದಕ್ಕೆ ಕಂಪನಿ ತನಗೆ ಆದ ನಷ್ಟವನ್ನು ತೋರಿಸಬೇಕು. ಸೇರದವರ ಮೇಲೆ ನಾನಿದ್ದ ಕಡೆ ಯಾರೂ ಕೇಸ್ ಹಾಕಿಲ್ಲ. ಆದರೂ ಫೋನ್ ಮಾಡುವ ಮೊದಲು ಲೆಟರನ್ನು ಪೂರ್ತಿ ಓದಿ. ಸೇರದಿದ್ದರೆ ಇಷ್ಟು ಕಟ್ಟಬೇಕು ಎಂದು ಬರೆದಿದ್ದರೆ ಒಬ್ಬ ವಕೀಲರಿಗೆ ತೋರಿಸಿ. ಮುಂಗಡವಾಗಿ ಬೋನಸ್ಸೋ, ಮನೆ ಬದಲಿಸುವ ಖರ್ಚೋ ಬಂದಿದ್ದರೆ "ಯಾವ ಖಾತೆಗೆ ವಾಪಸ್ ಹಾಕಲಿ" ಎಂದು ಅದೇ ಮೇಲ್‌ನಲ್ಲಿ ನೀವೇ ಕೇಳಿ. ಲ್ಯಾಪ್‌ಟಾಪ್ ಮನೆಗೆ ಬಂದಿದ್ದರೆ ಪ್ಯಾಕ್ ಬಿಚ್ಚದೆ ಹಾಗೇ ಇಟ್ಟು ಅದನ್ನೂ ತಿಳಿಸಿ.

ಸ್ನೇಹಿತರ ಶಿಫಾರಸಿನಿಂದ ಹೋಗಿದ್ದರೆ ನಮಗೆ ಫೋನ್ ಮಾಡುವ ಮೊದಲು ಅವರಿಗೆ ಮಾಡಿ. "ನಿಮ್ಮವನು ಕೈಕೊಟ್ಟನಲ್ಲ" ಎಂದು ಮ್ಯಾನೇಜರ್ ಬಾಯಲ್ಲಿ ಕೇಳುವಂತೆ ಆಗಬಾರದು.

ಆ ಹುಡುಗಿಯ ಮೇಲ್‌ನಲ್ಲಿ ಹಿನ್ನೆಲೆ ಪರಿಶೀಲನೆ ನಿಲ್ಲಿಸಿ ಎಂಬ ಸಾಲಿತ್ತಲ್ಲ, ಅದನ್ನು ಮರೆಯಬೇಡಿ. ಆ ಕೆಲಸ ಮಾಡುವುದು ಹೊರಗಿನ ಏಜೆನ್ಸಿ. ನಾವು ಹೇಳದಿದ್ದರೆ ಅವರು ನಿಮ್ಮ ಈಗಿನ ಆಫೀಸಿಗೆ ಫೋನ್ ಮಾಡುತ್ತಲೇ ಇರುತ್ತಾರೆ, ಅದೇ ಸಮಯಕ್ಕೆ ಹೊಸ ಕಂಪನಿಯವರೂ ಮಾಡುತ್ತಿರುತ್ತಾರೆ, ಅಲ್ಲಿನ ಎಚ್‌ಆರ್‌ಗೆ ಗೊಂದಲ ಆಗುತ್ತದೆ. ದಾಖಲೆ ಹಾಕಲು ಪೋರ್ಟಲ್ ಕೊಟ್ಟಿದ್ದರೆ ಅಲ್ಲಿಂದಲೂ ನೆನಪಿನ ಸಂದೇಶಗಳು ಬರುತ್ತಲೇ ಇರುತ್ತವೆ, ಅದನ್ನು ಮುಚ್ಚಲು ಕೇಳಿ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಕೆಳಗೆ ಒಂದು ಸಾಲು ಸೇರಿಸಿ ಮತ್ತೆ ಕಳಿಸಿ. ನಾನು ಅವಳಿಗೆ ಅವತ್ತು ಮಧ್ಯಾಹ್ನವೇ ಉತ್ತರ ಬರೆದೆ, ಆಮೇಲೆ ಕಾಯಿಸಿ ಇಟ್ಟಿದ್ದ ಇನ್ನೊಬ್ಬರಿಗೆ ಫೋನ್ ಮಾಡಿದೆ. ಅವರಿಗೆ ಇನ್ನೂ ಎಲ್ಲೂ ಆಗಿರಲಿಲ್ಲ, ನೋಟಿಸ್ 30 ದಿನ.