ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಏಕೆ ಓದಬೇಕು?

ಕೈಗಾರಿಕಾ ಉಪಕರಣಗಳಿಗೆ ಫರ್ಮ್‌ವೇರ್ ಬರೆಯುವ ತಂಡದಲ್ಲಿ ನಾನು ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ಮೊದಲ ವಾರಗಳಲ್ಲಿ ಕೆಲಸ ಕಲಿಸುವುದು ನನ್ನ ಜವಾಬ್ದಾರಿಗಳಲ್ಲಿ ಒಂದು. ದಶಮಾನ ಸಂಖ್ಯೆಯನ್ನು ಎರಡರಿಂದ ಮತ್ತೆ ಮತ್ತೆ ಭಾಗಿಸಿ, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದುಕೊಂಡರೆ ದ್ವಿಮಾನ ರೂಪ ಸಿಗುತ್ತದೆ ಎಂಬುದು ಅವರೆಲ್ಲರಿಗೂ ಗೊತ್ತಿರುತ್ತದೆ. ಆದರೆ ಕೆಳಗಿನಿಂದಲೇ ಏಕೆ ಬರೆಯಬೇಕು ಎಂದು ಕೇಳಿದರೆ, ‘ನಿಯಮ ಹಾಗಿದೆ’ ಎಂಬುದಕ್ಕಿಂತ ಮುಂದಿನ ಉತ್ತರ ಬರುವುದು ಅಪರೂಪ. ಕಾರಣ ತಿಳಿಯದೆ ನೆನಪಿಟ್ಟುಕೊಂಡ ನಿಯಮ ಪರೀಕ್ಷೆಗೆ ಸಾಕಾಗಬಹುದು, ಆದರೆ ತಂತಿಯ ಮೇಲೆ ಬಿಟ್‌ಗಳನ್ನು ಕಳುಹಿಸುವ ಕೆಲಸಕ್ಕೆ ಸಾಲದು.

156 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ.

```
156 / 2 = 78   ಶೇಷ 0
 78 / 2 = 39   ಶೇಷ 0
 39 / 2 = 19   ಶೇಷ 1
 19 / 2 =  9   ಶೇಷ 1
  9 / 2 =  4   ಶೇಷ 1
  4 / 2 =  2   ಶೇಷ 0
  2 / 2 =  1   ಶೇಷ 0
  1 / 2 =  0   ಶೇಷ 1
```

ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ 10011100 ಸಿಗುತ್ತದೆ. 128, 16, 8 ಮತ್ತು 4ನ್ನು ಕೂಡಿದರೆ 156 ಆಗುವುದರಿಂದ ಇದು ಸರಿಯಾದ ಉತ್ತರ. ಅವೇ ಶೇಷಗಳನ್ನು ಬಂದ ಕ್ರಮದಲ್ಲಿಯೇ ಬರೆದರೆ 00111001 ಆಗುತ್ತದೆ, ಅದರ ಬೆಲೆ 57. ಎರಡೂ ನಿಜವಾದ ಸಂಖ್ಯೆಗಳೇ ಆಗಿರುವುದರಿಂದ, ತಪ್ಪು ದಿಕ್ಕಿನಲ್ಲಿ ಓದಿದವರಿಗೆ ಏನೋ ಎಡವಟ್ಟಾಗಿದೆ ಎಂಬ ಸುಳಿವು ತಾನಾಗಿ ಸಿಗುವುದಿಲ್ಲ.

ಪ್ರತಿ ಭಾಗಾಕಾರದಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ನಾನು ತೆಂಗಿನಕಾಯಿಗಳ ಮೂಲಕ ವಿವರಿಸುತ್ತೇನೆ. 156 ಕಾಯಿಗಳನ್ನು ಎರಡೆರಡಾಗಿ ಜೋಡಿಸಿದರೆ 78 ಜೋಡಿಗಳಾಗುತ್ತವೆ, ಬಿಡಿ ಕಾಯಿ ಒಂದೂ ಉಳಿಯುವುದಿಲ್ಲ. ಮೊದಲ ಶೇಷ ಸೊನ್ನೆಯಾಗಿರುವುದರ ಅರ್ಥ ಇಷ್ಟೇ. ಮುಂದೆ ಆ ಜೋಡಿಗಳನ್ನೇ ಮತ್ತೆ ಎರಡೆರಡಾಗಿ ಸೇರಿಸಿದರೆ ನಾಲ್ಕು ಕಾಯಿಗಳ 39 ಗುಂಪುಗಳಾಗುತ್ತವೆ, ಒಂಟಿ ಜೋಡಿ ಉಳಿಯುವುದಿಲ್ಲ. ಮೂರನೆಯ ಸಲ ಆ 39 ಗುಂಪುಗಳನ್ನು ಜೋಡಿಸಿದಾಗ ಎಂಟು ಕಾಯಿಗಳ 19 ಗುಂಪುಗಳಾಗಿ, ನಾಲ್ಕು ಕಾಯಿಗಳ ಒಂದು ಗುಂಪು ಒಂಟಿಯಾಗಿ ಉಳಿಯುತ್ತದೆ. ಇಲ್ಲಿ ಶೇಷವೆಂದು ಬರೆದ 1 ಒಂದು ಕಾಯಿಯಲ್ಲ, ನಾಲ್ಕು ಕಾಯಿಗಳ ಒಂದು ಗುಂಪು. ಹೀಗೆ ಪ್ರತಿ ಹಂತದಲ್ಲೂ ಶೇಷದ ಬೆಲೆ ಹಿಂದಿನ ಹಂತಕ್ಕಿಂತ ಇಮ್ಮಡಿಯಾಗುತ್ತ ಹೋಗುತ್ತದೆ. ಮೊದಲ ಶೇಷ ಬಿಡಿ ಸ್ಥಾನಕ್ಕೆ ಸೇರಿದ್ದು, ಎರಡನೆಯದು ಎರಡರ ಸ್ಥಾನಕ್ಕೆ, ಮೂರನೆಯದು ನಾಲ್ಕರ ಸ್ಥಾನಕ್ಕೆ, ಎಂಟನೆಯದು 128ರ ಸ್ಥಾನಕ್ಕೆ.

ಆದ್ದರಿಂದ ಭಾಗಾಕಾರವು ಅಂಕಿಗಳನ್ನು ತಲೆಕೆಳಗು ಮಾಡುತ್ತಿಲ್ಲ. ಅದು ಚಿಕ್ಕ ಸ್ಥಾನದಿಂದ ದೊಡ್ಡ ಸ್ಥಾನದ ಕಡೆಗೆ ಕ್ರಮವಾಗಿಯೇ ನಡೆಯುತ್ತದೆ. ಸಂಖ್ಯೆ ಬರೆಯುವಾಗ ನಾವು ದೊಡ್ಡ ಸ್ಥಾನವನ್ನು ಎಡಕ್ಕಿಟ್ಟು ಅಲ್ಲಿಂದಲೇ ಓದಲು ಆರಂಭಿಸುತ್ತೇವೆ. ಈ ಎರಡು ಕ್ರಮಗಳು ಎದುರುಬದುರಾಗಿರುವುದರಿಂದ ಶೇಷಗಳು ನಮಗೆ ಹಿಂದುಮುಂದಾಗಿ ಕಾಣುತ್ತವೆ. ಇದು ದ್ವಿಮಾನಕ್ಕಷ್ಟೇ ಸೀಮಿತವಾದ ಗುಣವಲ್ಲ. 347ನ್ನು ಹತ್ತರಿಂದ ಭಾಗಿಸುತ್ತ ಹೋದರೆ 7, 4, 3 ಎಂಬ ಕ್ರಮದಲ್ಲಿ ಶೇಷಗಳು ಬರುತ್ತವೆ. ನಮಗೆ ಚಿರಪರಿಚಿತವಾದ ಹತ್ತರ ಲೆಕ್ಕದಲ್ಲೂ ಹೀಗೆಯೇ ಆಗುತ್ತದೆ ಎಂಬುದನ್ನು ಕಂಡ ಮೇಲೆ, ಕಲಿಯುವವರಲ್ಲಿ ಹೆಚ್ಚಿನವರಿಗೆ ಉಳಿದದ್ದು ತಾನಾಗಿ ಸ್ಪಷ್ಟವಾಗುತ್ತದೆ.

ಇನ್ನೊಂದು ದಾರಿಯೂ ಇದೆ. 156ರಲ್ಲಿ ಅಡಗುವ ಅತಿದೊಡ್ಡ ಎರಡರ ಘಾತ 128, ಅದನ್ನು ಕಳೆದರೆ 28 ಉಳಿಯುತ್ತದೆ, ಅದರಲ್ಲಿ 64 ಇಲ್ಲ, 32 ಇಲ್ಲ, 16 ಇದೆ ಎಂದು ಮುಂದುವರಿದರೆ ಅಂಕಿಗಳು ನಾವು ಬರೆಯುವ ಕ್ರಮದಲ್ಲಿಯೇ ಸಿಗುತ್ತವೆ. ಆದರೆ ಈ ದಾರಿಯಲ್ಲಿ ಆರಂಭದಲ್ಲಿಯೇ ಎಲ್ಲಕ್ಕಿಂತ ದೊಡ್ಡ ಘಾತ ಯಾವುದೆಂದು ಹುಡುಕಬೇಕಾಗುತ್ತದೆ. ಭಾಗಾಕಾರದಲ್ಲಿ ಹಾಗಿಲ್ಲ, ಸಂಖ್ಯೆ ಎಷ್ಟು ಅಂಕಿಗಳದ್ದು ಎಂಬುದು ಭಾಗಲಬ್ಧ ಸೊನ್ನೆಯಾದಾಗಲೇ ತಿಳಿಯುತ್ತದೆ. ಉದ್ದ ಮೊದಲೇ ತಿಳಿಯದ್ದರಿಂದಲೇ ಬಿಡಿ ಸ್ಥಾನದಿಂದ ಹೊರಡುವುದು ಇಲ್ಲಿ ಅನುಕೂಲ.

ಉತ್ತರ ಸರಿಯೇ ಎಂದು ನೋಡಲು ಘಾತಗಳನ್ನು ಕೂಡುವುದಕ್ಕಿಂತ, ಬಂದ ದಾರಿಯಲ್ಲಿಯೇ ಹಿಂದಿರುಗಲು ನಾನು ಹೇಳುತ್ತೇನೆ. 10011100ನ್ನು ಎಡದಿಂದ ಓದುತ್ತ, ಕೈಯಲ್ಲಿರುವ ಸಂಖ್ಯೆಯನ್ನು ಇಮ್ಮಡಿಸಿ ಮುಂದಿನ ಅಂಕಿಯನ್ನು ಕೂಡುತ್ತ ಹೋದರೆ 1, 2, 4, 9, 19, 39, 78, 156 ಎಂದು ಬರುತ್ತದೆ. ಮೇಲಿನ ಭಾಗಾಕಾರದಲ್ಲಿ ಎಡತುದಿಯಲ್ಲಿರುವ ಭಾಜ್ಯಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರೆ, ಇವೇ ಸಂಖ್ಯೆಗಳು ಇದೇ ಕ್ರಮದಲ್ಲಿ ಕಾಣಿಸುತ್ತವೆ. ಪ್ರತಿ ಹೆಜ್ಜೆಯಲ್ಲೂ ಸಂಖ್ಯೆಯನ್ನು ಅರ್ಧ ಮಾಡಿ ಶೇಷವನ್ನು ಹೊರಗಿಟ್ಟೆವು, ಮರಳುವಾಗ ಇಮ್ಮಡಿಸಿ ಆ ಶೇಷವನ್ನು ಒಳಗೆ ಸೇರಿಸಿಕೊಳ್ಳುತ್ತೇವೆ. ಕೊನೆಯಲ್ಲಿ ಹೊರಗಿಟ್ಟದ್ದನ್ನೇ ಮೊದಲು ಒಳಗೆ ಸೇರಿಸಬೇಕಾಗುತ್ತದೆ. ಶೇಷಗಳನ್ನು ಕೆಳಗಿನಿಂದ ಓದಬೇಕೆಂಬ ನಿಯಮಕ್ಕೆ ಇದಕ್ಕಿಂತ ಚೊಕ್ಕವಾದ ಸಮರ್ಥನೆಯನ್ನು ನಾನು ಕಂಡಿಲ್ಲ.

ಪ್ರೋಗ್ರಾಮಿನಲ್ಲಿ ಈ ಕ್ರಮವನ್ನು ಸರಿಪಡಿಸಲು, ಅಂಕಿಗಳನ್ನು ಬಫರಿನ ಕೊನೆಯಿಂದ ಮುಂದಕ್ಕೆ ತುಂಬುವುದು ಸುಲಭವಾದ ಉಪಾಯ. ಹೀಗೆ ಮಾಡಿದರೆ ಆಮೇಲೆ ತಿರುಗಿಸಬೇಕಾಗಿಲ್ಲ. `n` ಎಂಬುದು 32 ಬಿಟ್‌ನ ಚಿಹ್ನೆಯಿಲ್ಲದ ಪೂರ್ಣಾಂಕವಾಗಿದ್ದರೆ ಕೋಡ್ ಹೀಗಿರುತ್ತದೆ:

```c
char buf[33];
int i = 32;
buf[i] = '\0';
do {
    buf[--i] = '0' + n % 2;
    n = n / 2;
} while (n > 0);
puts(&buf[i]);
```

ಇಲ್ಲಿ `while` ಬದಲು `do ... while` ಇರುವುದಕ್ಕೆ ಕಾರಣವಿದೆ. ಷರತ್ತನ್ನು ಮೊದಲೇ ಪರೀಕ್ಷಿಸಿದರೆ, ಸಂಖ್ಯೆ ಸೊನ್ನೆಯಾದಾಗ ಲೂಪಿನೊಳಗೆ ಹೋಗುವುದೇ ಇಲ್ಲ, ತೆರೆಯ ಮೇಲೆ ಏನೂ ಮೂಡುವುದಿಲ್ಲ. `n` ಚಿಹ್ನೆಯಿಲ್ಲದ್ದಾಗಿರಬೇಕು ಎಂಬುದೂ ಅಷ್ಟೇ ಮುಖ್ಯ. ಸಿ ಭಾಷೆಯಲ್ಲಿ -7ನ್ನು ಎರಡರಿಂದ ಭಾಗಿಸಿದರೆ ಶೇಷ -1 ಬರುವುದರಿಂದ, ಅಂಕಿ ಇರಬೇಕಾದಲ್ಲಿ `/` ಚಿಹ್ನೆ ಮುದ್ರಣವಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಹಿಮ್ಮುಖವಾದ ಬಿಟ್‌ಗಳು ಪರೀಕ್ಷೆಯನ್ನು ದಾಟಿ ಬರುವುದುಂಟು. ಒಮ್ಮೆ ಉಪಕರಣದ ಸ್ಥಿತಿಯನ್ನು ಎಂಟು ಬಿಟ್‌ಗಳಲ್ಲಿ ತೋರಿಸುವ ಫಂಕ್ಷನ್ ನನ್ನ ಮುಂದೆ ಪರಿಶೀಲನೆಗೆ ಬಂತು. ಪ್ರತಿ ಬಿಟ್‌ಗೂ ಒಂದೊಂದು ಅರ್ಥವಿತ್ತು, ಅತಿಬಿಸಿ ಎಂಬುದಕ್ಕೆ ಒಂದು, ಬಾಗಿಲು ತೆರೆದಿದೆ ಎಂಬುದಕ್ಕೆ ಇನ್ನೊಂದು, ಹೀಗೆ. ಶೇಷಗಳು ಬಂದ ಕ್ರಮದಲ್ಲಿಯೇ ಮುದ್ರಣವಾಗುತ್ತಿದ್ದರೂ ಎಲ್ಲ ಪರೀಕ್ಷೆಗಳು ಸರಿಯೆಂದೇ ತೋರಿಸುತ್ತಿದ್ದವು. ಪರೀಕ್ಷೆಗೆ ಆರಿಸಿದ ಸಂಖ್ಯೆಗಳು 0, 255, 165 ಮತ್ತು 90 ಆಗಿದ್ದವು. 165 ಎಂದರೆ 10100101, 90 ಎಂದರೆ 01011010. ಇವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. `0xA5` ಮತ್ತು `0x5A` ಎಂದು ಹದಿನಾರರ ಮಾನದಲ್ಲಿ ಬರೆಯುವ ಇವು ನಮ್ಮ ಕ್ಷೇತ್ರದಲ್ಲಿ ಪರೀಕ್ಷೆಗೆ ಬಹಳ ಬಳಕೆಯಾಗುವ ಸಂಖ್ಯೆಗಳಾಗಿರುವುದರಿಂದ, ಆ ಆಯ್ಕೆ ಯಾರಿಗಾದರೂ ಸಹಜವೆನಿಸುತ್ತದೆ. ಎಂಟು ಬಿಟ್‌ಗಳ 256 ಸಂಖ್ಯೆಗಳಲ್ಲಿ ಇಂಥವು ಕೇವಲ 16, ಏಕೆಂದರೆ ಮೊದಲ ನಾಲ್ಕು ಬಿಟ್‌ಗಳನ್ನು ನಿರ್ಧರಿಸಿದರೆ ಉಳಿದ ನಾಲ್ಕು ಅವುಗಳ ಪ್ರತಿಬಿಂಬವಾಗಿಯೇ ಇರಬೇಕು. ಅಷ್ಟು ಅಪರೂಪದ ಸಂಖ್ಯೆಗಳೇ ಆ ಪಟ್ಟಿಯನ್ನು ತುಂಬಿದ್ದವು. ಆ ಪಟ್ಟಿಗೆ 1 ಮತ್ತು 156ನ್ನು ಸೇರಿಸಿದ ಕೂಡಲೇ ದೋಷ ಬಯಲಾಯಿತು.

ಕಾಗದದ ಮೇಲೆ ಲೆಕ್ಕ ಮಾಡುವಾಗ ದಿಕ್ಕು ತಪ್ಪಿದೆಯೇ ಎಂದು ಕಂಡುಹಿಡಿಯಲು ಒಂದು ಗುರುತಿದೆ, ಆದರೆ ಅದು ಅರ್ಧ ಸಂದರ್ಭಗಳಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ. ಸೊನ್ನೆಯೊಂದನ್ನು ಬಿಟ್ಟರೆ ಭಾಗಾಕಾರ ಮುಗಿಯುವುದು ಯಾವಾಗಲೂ 1ನ್ನು 2ರಿಂದ ಭಾಗಿಸಿದಾಗಲೇ ಆದ್ದರಿಂದ ಕೊನೆಯ ಶೇಷ ಯಾವಾಗಲೂ 1, ಹಾಗಾಗಿ ಸರಿಯಾದ ಉತ್ತರ 1ರಿಂದಲೇ ಆರಂಭವಾಗಬೇಕು. ಸಮಸಂಖ್ಯೆಯ ಉತ್ತರ ಸೊನ್ನೆಯಿಂದ ಆರಂಭವಾಗಿದ್ದರೆ ದಿಕ್ಕು ತಪ್ಪಿದೆ ಎಂದು ತಿಳಿಯಬಹುದು. ಬೆಸಸಂಖ್ಯೆಗೆ ಈ ಗುರುತು ನೆರವಾಗುವುದಿಲ್ಲ. 25ರ ಸರಿಯಾದ ರೂಪ 11001, ತಿರುಗುಮುರುಗಾದ ರೂಪ 10011, ಎರಡರ ತುದಿಗಳಲ್ಲೂ 1 ಇದೆ. ಎರಡನೆಯದು 19 ಎಂಬುದು ಇಮ್ಮಡಿಸಿ ಕೂಡಿ ನೋಡಿದಾಗಲೇ ತಿಳಿಯುತ್ತದೆ.

ಎಲ್ಲ ಬರವಣಿಗೆಯೂ ದೊಡ್ಡ ಸ್ಥಾನವನ್ನು ಎಡಕ್ಕಿಡುವುದಿಲ್ಲ ಎಂಬುದಕ್ಕೆ ನಮ್ಮ ಛಂದಶ್ಶಾಸ್ತ್ರದಲ್ಲಿಯೇ ಉದಾಹರಣೆ ಇದೆ. ಪಿಂಗಳನ ಛಂದಃಸೂತ್ರದಲ್ಲಿ, ಲಘು-ಗುರುಗಳ ಎಲ್ಲ ವಿನ್ಯಾಸಗಳ ಪಟ್ಟಿಯಾದ ಪ್ರಸ್ತಾರದಲ್ಲಿ ಇಂತಿಷ್ಟನೆಯ ಸಾಲು ಯಾವುದು ಎಂದು ಪಟ್ಟಿಯನ್ನು ಬರೆಯದೆಯೇ ಕಂಡುಹಿಡಿಯುವ ‘ನಷ್ಟ’ವೆಂಬ ವಿಧಾನವಿದೆ. ಸಾಲಿನ ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ ಲಘುವನ್ನು ಬರೆಯಬೇಕು, ಬೆಸವಾಗಿದ್ದರೆ ಒಂದನ್ನು ಕೂಡಿ ಅರ್ಧ ಮಾಡಿ ಗುರುವನ್ನು ಬರೆಯಬೇಕು. ಮೂರು ಅಕ್ಷರಗಳ ಪ್ರಸ್ತಾರದ ಎರಡನೆಯ ಸಾಲಿಗೆ ಇದರಿಂದ ಲಘು, ಗುರು, ಗುರು ಎಂದು ಸಿಗುತ್ತದೆ. ಬಂದ ಕ್ರಮದಲ್ಲಿಯೇ ಎಡದಿಂದ ಬರೆದರೆ ಸಾಕು, ತಿರುಗಿಸಬೇಕಾಗಿಲ್ಲ, ಏಕೆಂದರೆ ಆ ಪ್ರಸ್ತಾರದಲ್ಲಿ ಪ್ರತಿ ಸಾಲಿಗೂ ಬದಲಾಗುವ ಸ್ಥಾನ ಎಡತುದಿಯಲ್ಲಿಯೇ ಇದೆ.

ನಾವು ದಿನವೂ ಬಳಸುವ ಯುಎಆರ್‌ಟಿ ಸರಣಿ ಸಂವಹನದ ಕ್ರಮವೂ ಹೀಗೆಯೇ. ಅದು ಬೈಟಿನ ಬಿಡಿ ಸ್ಥಾನದ ಬಿಟ್ಟನ್ನು ಮೊದಲು ಕಳುಹಿಸುತ್ತದೆ. ಹಾಗಾಗಿ ಆ ಸಂಕೇತವನ್ನು ಸಾಮಾನ್ಯ ಪಿನ್ನಿನಿಂದ ಸಾಫ್ಟ್‌ವೇರ್ ಮೂಲಕವೇ ಹೊರಡಿಸಬೇಕಾದಾಗ, ಎರಡರಿಂದ ಭಾಗಿಸಿ ಬಂದ ಶೇಷವನ್ನು ಆಗಲೇ ಪಿನ್ನಿಗೆ ಹಾಕುತ್ತ ಎಂಟು ಸಲ ಮುಂದುವರಿದರೆ ಸಾಕು, ಬಫರಿನ ಅಗತ್ಯವೇ ಇಲ್ಲ. ಭಾಗಲಬ್ಧ ಮೊದಲೇ ಸೊನ್ನೆಯಾದರೂ ಎಂಟು ಬಿಟ್‌ಗಳನ್ನು ಪೂರ್ತಿ ಕಳುಹಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು. ಇದಕ್ಕೆ ವಿರುದ್ಧವಾಗಿ ಐ2ಸಿ ಸಂವಹನದಲ್ಲಿ ದೊಡ್ಡ ಸ್ಥಾನದ ಬಿಟ್ ಮೊದಲು ಹೋಗುತ್ತದೆ, ಅಲ್ಲಿ ಇದೇ ಲೂಪನ್ನು ನಕಲಿಸಿದರೆ 156ರ ಬದಲು 57 ತಲುಪುತ್ತದೆ. ಆಸಿಲೊಸ್ಕೋಪಿನಲ್ಲಿ 156 ಎಂಬ ಯುಎಆರ್‌ಟಿ ಬೈಟನ್ನು ನೋಡುವಾಗ, ಆರಂಭದ ಸೊನ್ನೆಯ ನಂತರ ಎಡದಿಂದ ಬಲಕ್ಕೆ 0, 0, 1, 1, 1, 0, 0, 1 ಎಂದು ಕಾಣಿಸಿ, ಕೊನೆಯಲ್ಲಿ ನಿಲುಗಡೆಯ 1 ಬರುತ್ತದೆ. ನಡುವಿನ ಎಂಟನ್ನು ಕಾಗದದ ಮೇಲೆ ಬಲದಿಂದ ಎಡಕ್ಕೆ ಬರೆದುಕೊಂಡರೆ ಕಳುಹಿಸಿದ ಸಂಖ್ಯೆ ಸಿಗುತ್ತದೆ.