ಅಮ್ಮನ ಒಂದು ಹಿಡಿ

ಭಾನುವಾರ, 15 ಜೂನ್ 2025

ಅಮ್ಮನ ಶುಗರ್ ಪುಸ್ತಕ ನೋಡ್ತಾ ಕೂತಿದ್ದೆ. ಡಯಟಿಷಿಯನ್ ತಿಂದಿದ್ದೆಲ್ಲಾ ಬರೀರಿ ಅಂದಿದಾರೆ, ಅಮ್ಮ ಬರ್ದಿರೋದು "ಬಾಳೆಕಾಯಿ ಚಿಪ್ಸ್ 1 ಹಿಡಿ, ಹಲಸಿನ ಚಿಪ್ಸ್ 1 ಹಿಡಿ". ಅಂಗಡಿಲಿ ತೂಕ ಹಾಕಿ ಕೊಡೋ ಚಿಪ್ಸು, ಲೇಬಲ್ ಇರಲ್ಲ, ನಾನು ಇಷ್ಟು ದಿನ ಎರಡಕ್ಕೂ ನೂರು ನೂರು ಕ್ಯಾಲೊರಿ ಅಂತ ಹಾಕ್ತಾ ಬಂದಿದೀನಿ.

ಇವತ್ತು ಎರಡೂ ಕಾಲು ಕೆಜಿ ತಂದಿದ್ವಲ್ಲ, ಡಬ್ಬಕ್ಕೆ ತುಂಬೋವಾಗ "ಅಮ್ಮಾ, ನೀನೇ ಹಿಡಿ ಹಿಡಿಯಾಗಿ ಹಾಕು, ದಿನಾ ತಿನ್ನೋಕೆ ತಗೊಳ್ಳೋ ಹಾಗೇನೇ" ಅಂದೆ. "ಇದ್ಯಾವ ಲೆಕ್ಕನೇ" ಅಂತಾನೇ ಹಾಕಿದ್ರು. ಬಾಳೆಕಾಯಿದು 10 ಹಿಡಿಗೆ ಮುಗೀತು, ಹಲಸಿಂದು 17 ಹಿಡಿ ಬಂತು! ಅಂದ್ರೆ ಬಾಳೆಕಾಯಿ ಹಿಡಿಗೆ 25 ಗ್ರಾಂ, ಹಲಸು 15 ಗ್ರಾಂ ಹತ್ರ. ಬಾಳೆಕಾಯಿ ಬಿಲ್ಲೆ ಒಂದರ ಮೇಲೊಂದು ಒತ್ತಾಗಿ ಕೂರತ್ತೆ, ಹಲಸಿಂದು ಉದ್ದುದ್ದ, ಸೊಟ್ಟಪಟ್ಟ, ಹಿಡಿ ತುಂಬಾ ಗಾಳಿನೇ ಜಾಸ್ತಿ.

ಒಂದೇ ತೂಕಕ್ಕೆ ನೋಡಿದ್ರೆ ಎರಡರ ಕ್ಯಾಲೊರಿಲಿ ಅಂಥಾ ವ್ಯತ್ಯಾಸ ಇಲ್ಲ. ಎಣ್ಣೇಲಿ ಕರಿದ ಚಿಪ್ಸ್ 100 ಗ್ರಾಂನಲ್ಲಿ ಎಣ್ಣೆ 30 ಗ್ರಾಂ ಇದೆ ಅನ್ಕೊಂಡ್ರೆ, ಗ್ರಾಂಗೆ 9ರಂತೆ 270 ಕ್ಯಾಲೊರಿ ಅದ್ರಿಂದಾನೇ, ಉಳಿದಿದ್ದರಲ್ಲಿ ಸ್ವಲ್ಪ ನೀರು, ನಾರು ಬಿಟ್ರೆ ಹೆಚ್ಚೂಕಮ್ಮಿ ಪಿಷ್ಟ, ಗ್ರಾಂಗೆ 4ರಂತೆ ಸುಮಾರು 250, ಒಟ್ಟು 520. ಹಾಗಾಗಿ ಅಮ್ಮನ ಬಾಳೆಕಾಯಿ ಹಿಡಿ 130, ಹಲಸಿನ ಹಿಡಿ 80 ಹತ್ರ. ಎಣ್ಣೆ 40 ಗ್ರಾಂ ಕುಡಿದಿದೆ ಅಂದ್ರೂ 570 ಹತ್ರ ಆಗತ್ತೆ, ಬಾಳೆಕಾಯಿ ಹಿಡಿಗೆ 13 ಹತ್ರ ಏರತ್ತೆ ಅಷ್ಟೇ. ನಾನು ಎಣ್ಣೆ ಬಗ್ಗೆನೇ ತಲೆ ಕೆಡಿಸ್ಕೊಂಡಿದ್ದೆ, ತಪ್ಪಾಗ್ತಿದ್ದಿದ್ದು ಹಿಡಿಲಿ.

ಅಣ್ಣ ಬಂದು ಅದೇ ಬಾಳೆಕಾಯಿ ಡಬ್ಬಕ್ಕೆ ಕೈ ಹಾಕ್ದ, ತಡಿ ಅಂತ ಅಡುಗೆಮನೆ ತೂಕದ ಮೇಲೆ ಹಾಕ್ಸಿದೆ, 41 ಗ್ರಾಂ! ಅಂದ್ರೆ ಅವನ ಒಂದು ಹಿಡಿ 210ರ ಮೇಲೆ. ಅಮ್ಮನ ಪುಸ್ತಕಕ್ಕೆ ಅಮ್ಮನ ಕೈನೇ ಅಳತೆ ಆಗ್ಬೇಕು, ಬೇರೆಯವರ ಹಿಡಿ ಇಟ್ಕೊಂಡು ಲೆಕ್ಕ ಹಾಕಿದ್ರೆ ಅರ್ಧಕ್ಕರ್ಧ ತಪ್ಪತ್ತೆ.

ಡಬ್ಬದ ತಳಕ್ಕೆ ಬಂದಾಗ ಮಾತ್ರ ಈ ಲೆಕ್ಕ ನಿಲ್ಲಲ್ಲ. ಹಲಸಿಂದು ಮುರಿದು ಚೂರಾಗಿ ಒತ್ತಾಗತ್ತೆ, ಆ ಹಿಡಿ ತೂಕ ಜಾಸ್ತಿ ಬರತ್ತೆ, ಅದನ್ನ 80 ಅಂತ ಬರಿಯೋಕಾಗಲ್ಲ. ತಳದ್ದನ್ನ ಒಂದ್ಸಲ ತೂಕಕ್ಕೆ ಹಾಕೇ ಬರೀಬೇಕು.

ಹಳೇ ಪುಟಗಳನ್ನ ತಿದ್ದಿದೆ. ಬಾಳೆಕಾಯಿ ತಿಂದ ದಿನ ಎಲ್ಲಾ 30 ಏರಿತು, ಹಲಸಿನ ದಿನ 20 ಇಳೀತು. ಅಮ್ಮ ಪಕ್ಕದಲ್ಲೇ ನೋಡ್ತಿದ್ರು, "ಹಾಗಾದ್ರೆ ಹಲಸಿಂದು ಎರಡು ಹಿಡಿ ತಿನ್ಬೋದಾ?" ಅಂದ್ರು. ಎರಡು ಹಿಡಿ 160, ಬಾಳೆಕಾಯಿ ಒಂದು ಹಿಡಿಗಿಂತ ಜಾಸ್ತಿನೇ ಆಯ್ತಲ್ಲಮ್ಮ ಅಂದೆ, ಒಂದೂವರೆ ಹಿಡಿ ಅಂದ್ರೆ 120, ಅದಾದ್ರೆ ಬಾಳೆಕಾಯಿ ಒಂದು ಹಿಡಿಗಿಂತ ಸ್ವಲ್ಪ ಕಮ್ಮಿನೇ.